ರಂಧ್ರವೇನೂ ಪಂಪಲ್ಲ

ಕಳೆದ ಸಂಚಿಕೆಯ ಲೇಖನ ಕೋಶಕೇಂದ್ರದ ರಂಧ್ರವನ್ನು ಜಿಟಿಪಿ ಸುಟ್ಟು ಪ್ರೋಟೀನನ್ನು ಒಳಗೆ ತಳ್ಳುವ ಪಂಪು ಎಂದಿದೆ. ಒಪ್ಪಲಾರೆ. ಇಂಪೋರ್ಟಿನ್ ಸರಕು ಹಿಡಿದು ರಂಧ್ರ ದಾಟುವಾಗ ಜಿಟಿಪಿ ಖರ್ಚಾಗುವುದಿಲ್ಲ. ಆ ದಾರಿ ಎರಡೂ ಕಡೆ ಮುಕ್ತ. ದಿಕ್ಕು ನಿರ್ಧರಿಸುವುದು ರಾನ್ ಎಂಬ ಪುಟ್ಟ ಪ್ರೋಟೀನು. ಕೋಶಕೇಂದ್ರದೊಳಗೆ ವರ್ಣತಂತುಗಳಿಗೆ ಅಂಟಿದ ಆರ್‌ಸಿಸಿ1, ರಾನ್‌ಗೆ ಜಿಟಿಪಿ ಕೂಡಿಸುತ್ತದೆ. ಅಂಥ ರಾನ್ ಬಂದು ಅಂಟಿದೊಡನೆ ಇಂಪೋರ್ಟಿನ್ ಸರಕು ಬಿಡುತ್ತದೆ. ಇಬ್ಬರೂ ಜೋಡಿಯಾಗಿ ಹೊರಬರುತ್ತಾರೆ. ಹೊರಗೆ ರಾನ್‌ಗ್ಯಾಪ್ ನೆರವಿನಿಂದ ಜಿಟಿಪಿ ಒಡೆದು ಇಂಪೋರ್ಟಿನ್ ಮತ್ತೆ ಖಾಲಿಯಾಗುತ್ತದೆ. ಖರ್ಚೆಲ್ಲ ಅಲ್ಲಿ. ರಫ್ತು ಉಲ್ಟಾ: ರಾನ್-ಜಿಟಿಪಿ ಜೊತೆಗಿದ್ದರೇ ಎಕ್ಸ್‌ಪೋರ್ಟಿನ್ ಸರಕು ಹಿಡಿಯುವುದು.

1999ರಲ್ಲಿ ನಶೂರಿ ಮತ್ತು ವೈಸ್ ಕೇಂದ್ರದ ಹೊರಗೇ ರಾನ್-ಜಿಟಿಪಿ ಹೆಚ್ಚಿಸಿ ನೋಡಿದರು. ಹೊರಹೋಗಬೇಕಾದ ಸರಕು ಒಳಗೆ ಹೋಯಿತು! ಪಂಪಾಗಿದ್ದರೆ ಹೀಗಾಗುತ್ತಿತ್ತೇ? ಲೇಖಕರು ಉತ್ತರಿಸಲಿ.

—ಓದುಗ, ಕಬ್ಬೂರ