ಎದೆಯ ಮೇಲೆ ಕುಳಿತವರಾರು?

ಮಳವಳ್ಳಿ ತಾಲ್ಲೂಕಿನ ಬಂಡೂರಿನ ರೈತರೊಬ್ಬರು ಕೇಳಿದ್ದಾರೆ: “ಕಬ್ಬಿಗೆ ನೀರು ಹಾಯಿಸಲು ರಾತ್ರಿ 2 ಗಂಟೆಗೆ ಎದ್ದು, 4ಕ್ಕೆ ಮರಳಿ ಅಂಗಾತ ಮಲಗುತ್ತೇನೆ. ತುಸು ಹೊತ್ತಿಗೆ ಎಚ್ಚರವಾದರೂ ಕೈಕಾಲು ಅಲುಗದು, ಕೂಗಲಾಗದು. ಕಪ್ಪು ಆಕೃತಿಯೊಂದು ಎದೆಯ ಮೇಲೆ ಕುಳಿತಂತೆ ಕಾಣುತ್ತದೆ. ಮನೆಯವರು ತಾಯಿತ ಕಟ್ಟಿಸಿದ್ದಾರೆ. ಇದು ದೆವ್ವದ ಕಾಟವೇ?”

ಅಲ್ಲ. ವೈದ್ಯರು ಇದನ್ನು ‘ಸ್ಲೀಪ್ ಪ್ಯಾರಾಲಿಸಿಸ್’ ಎನ್ನುತ್ತಾರೆ. ಕನಸಿನ ನಿದ್ರೆಯಲ್ಲಿ ನಾವು ಕನಸಿನಂತೆಯೇ ಎದ್ದು ಓಡದಂತೆ ಮಿದುಳಿನ ಕಾಂಡವು ಕೈಕಾಲುಗಳ ಸ್ನಾಯುಗಳನ್ನು ತಡೆಹಿಡಿದಿರುತ್ತದೆ. ಕೆಲವೊಮ್ಮೆ ಅರಿವು ಮೊದಲು ಎಚ್ಚತ್ತು, ಈ ತಡೆ ಇನ್ನೂ ಉಳಿದಿರುತ್ತದೆ. ಆಗ ಎದೆಗೂಡಿನ ಕೆಳಗಿನ ವಪೆಯೇ ಉಸಿರಾಟವನ್ನು ನಡೆಸುತ್ತಿರುವುದರಿಂದ, ಬಯಸಿದರೂ ದೀರ್ಘವಾಗಿ ಉಸಿರೆಳೆಯಲಾಗದೆ ಎದೆ ಭಾರವೆನಿಸುತ್ತದೆ. ಮಿದುಳಿನಲ್ಲಿ ಭಯದ ಭಾಗವೂ ಚುರುಕಾಗಿರುವುದರಿಂದ ಮುಗಿಯದ ಕನಸೇ ಆಕೃತಿಯಾಗಿ ಕಾಣುತ್ತದೆ. ಉಸಿರು ನಿಲ್ಲುವುದಿಲ್ಲ, ಸಾಮಾನ್ಯವಾಗಿ ಒಂದೆರಡು ನಿಮಿಷಗಳೊಳಗೆ ತಾನಾಗಿಯೇ ಕಳೆಯುತ್ತದೆ.

ಕನಸಿನ ನಿದ್ರೆ ಹೆಚ್ಚುವುದು ಬೆಳಗಿನ ಜಾವದಲ್ಲಿ. ನಿದ್ರೆಗೆಟ್ಟು ಆ ಹೊತ್ತಿನಲ್ಲಿ ಮಲಗಿದವರು ಬೇಗನೆ ಅದರೊಳಗೆ ಜಾರುತ್ತಾರೆ. ಅಂಗಾತ ಮಲಗಿದರೆ ಈ ತೊಂದರೆ ಇನ್ನೂ ಹೆಚ್ಚು. ಆದುದರಿಂದ ನೀರಿನ ಸರದಿಯನ್ನು ಮನೆಯವರೊಡನೆ ಹಂಚಿಕೊಳ್ಳಿರಿ. ತಮ್ಮ ಸರದಿಯ ದಿನ ಸಂಜೆಯ ಕಾಫಿ ಬಿಟ್ಟು, 8 ಗಂಟೆಗೇ ಮಲಗಿರಿ. ಹಿಂದಿರುಗಿದ ಮೇಲೆ ಮಗ್ಗುಲಾಗಿ ಮಲಗಿರಿ. ಒಟ್ಟು 7 ಗಂಟೆಯಾದರೂ ನಿದ್ರೆಯಾಗಲಿ. ಮೈ ಕಟ್ಟಿದಂತಾದಾಗ ಏಳಲು ಹೆಣಗದೆ, ಕಾಲಿನ ಒಂದು ಬೆರಳನ್ನಷ್ಟೇ ಅಲುಗಿಸಲು ಯತ್ನಿಸಿರಿ.

ಹಗಲಿನಲ್ಲಿ ತಡೆಯಲಾಗದ ನಿದ್ರೆ ಬಂದರೆ, ಅಥವಾ ಜೋರಾಗಿ ನಕ್ಕಾಗ ಮೊಣಕಾಲು ಕುಸಿದರೆ, ಅದು ಬೇರೆ ಕಾಯಿಲೆಯ ಸೂಚನೆಯಿರಬಹುದು. ಆಗ ನರರೋಗ ತಜ್ಞರನ್ನು ಕಾಣಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಪರೀಕ್ಷೆಗೆ ಸೌಲಭ್ಯವಿದೆ.