ಹೊಲಿಗೆಯ ‘ಗೆ’ ಬ್ಯಾರೆ, ಮನಿಗೆ ಅನ್ನೂ ‘ಗೆ’ ಬ್ಯಾರೆ

ಸಾಲ್ಯಾಗ ವಿಭಕ್ತಿ ಹೆಂಗ ಕಲಸ್ತಾರ ಅಂತ ನಿಮಗೆಲ್ಲಾ ಗೊತ್ತದ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಮಗ್ಗಿ ಹಂಗ ಬಾಯಿಪಾಠ. ಕೃದಂತ, ತದ್ಧಿತ ಅನ್ನೂವು ಮತ್ತೊಂದು ಪಾಠದಾಗ ಬರ್ತಾವ. ಅಲ್ಲೂ ಪ್ರತ್ಯಯ, ಇಲ್ಲೂ ಪ್ರತ್ಯಯ, ಫರಕು ಏನು ಅಂತ ಹುಡುಗ್ರಿಗೆ ತಿಳಿಯೂದಿಲ್ಲ. ಪಟ್ಟಿ ಬದಿಗಿಟ್ಟು ಒಂದು ಶಬ್ದದ ಮನೆತನಾ ಹಿಡದು ಕಲಸಬೇಕು ಅಂತೀನಿ ನಾನು.

‘ಹೊಲಿ’ ತಗೋರಿ. ಹೊಲಿದಳು, ಹೊಲಿಯುತ್ತಾಳೆ, ಹೊಲಿಯಲಿಲ್ಲ: ರೂಪ ಬದಲಾತು, ಶಬ್ದ ಅದೇ. ‘ಹೊಲಿಗೆ’ ಅಂದಕೂಡ್ಲೆ ಹಂಗಲ್ಲ. ಕೆಲಸಾ ಹೇಳೂ ಕ್ರಿಯಾಪದ ಹೋಗಿ ನಾಮಪದ ಹುಟ್ಟಿತು. ನಿಘಂಟಿನ್ಯಾಗ ಅದಕ್ಕ ತಂದೇ ಜಾಗಾ ಅದ. ‘ಹೊಲಿದಳು’ ಅನ್ನೂದಕ್ಕ ಇಲ್ಲ. ಇನ್ನ ‘ಹೊಲಿಗೆಗೆ ದಾರ ಬೇಕು’ ಅನ್ರಿ. ಒಂದ ಶಬ್ದದಾಗ ಎರಡು ‘ಗೆ’ ಕೂತಾವ. ಮೊದಲಿಂದು ಶಬ್ದ ಹುಟ್ಟಿಸಿತು, ಎರಡನೇದು ಹುಟ್ಟಿದ ಶಬ್ದಕ್ಕ ವಾಕ್ಯದಾಗ ಜಾಗಾ ಕೊಡ್ತು.

ಗುರುತು ಹಿಡಿಯೂದು ಕಷ್ಟಿಲ್ಲ. ವಿಭಕ್ತಿಯ ಗೆ ಯಾವ ನಾಮಪದಕ್ಕೂ ಒಲ್ಲೆ ಅನ್ನೂದಿಲ್ಲ. ಮನಿಗೆ, ಊರಿಗೆ, ಮರಕ್ಕೆ ಅಂತ ಸ್ವಲ್ಪ ವೇಷ ಬದಲಿಸಿ ಬಂದಬಿಡ್ತದ. ಹೊಸ ಶಬ್ದ ಹುಟ್ಟಸೂ ಗೆ ಭಾಳ ಹಟದ್ದು. ಅಡು ಅಡುಗೆ ಆಗ್ತದ, ಉಡು ಉಡುಗೆ, ತೊಡು ತೊಡುಗೆ. ಆದ್ರ ತಿನ್ನು ಅನ್ನೂದು ತಿನಿಸು ಆಗ್ತದ, ನಂಬು ನಂಬಿಕೆ, ಓದು ಓದೇ ಉಳೀತದ. ‘ತಿನ್ನಿಗೆ’ ಅಂದ್ರ ಎಲ್ಲಾರೂ ನಗ್ತಾರ. ಉಡುಗೆ ಅಂದ್ರ ಉಡೂದಲ್ಲ, ಉಡೂ ಬಟ್ಟಿ, ಅರ್ಥಾನೂ ಸರೀತದ. ವಿಭಕ್ತಿ ಹಚ್ಚಿದ್ರ ಅರ್ಥ ಹಿಂಗ ಸರಿಯೂದಿಲ್ಲ.

ಸಾಲಿನ್ಯಾಗೂ ಹಿರಿ-ಕಿರಿ ಅದ. ಹಾಡು, ಗಾರ್ತಿ, ಅರು, ಗೆ ಸೇರಿ ಹಾಡುಗಾರ್ತಿಯರಿಗೆ. ಶಬ್ದ ಹುಟ್ಟಸೂ ‘ಗಾರ್ತಿ’ ಮೂಲದ ಮಗ್ಗಲಕ್ಕ, ವಿಭಕ್ತಿ ಕಡೀಕ. ತಿರುವಿ ಹಚ್ಚಿ ನೋಡ್ರಿ, ‘ಹಾಡಿಗೆಗಾರ್ತಿ’ ಬಾಯಾಗ ನಿಲ್ಲೂದಿಲ್ಲ.

ನಮ್ಮ ಮನಿ ಮಾತು ಈ ಫರಕು ಕಿವಿಗೇ ಕೇಳಿಸ್ತದ. ಅಡಗಿ, ಹೊಲಿಗಿ ಅಂತೀವಿ, ಆದ್ರ ಮನಿಗೆ, ಊರಿಗೆ ಅಂತೀವಿ. (ಮನಿಗಿ ಅನ್ನೂ ಕಡೆ ಈ ಗುರುತು ನಡಿಯೂದಿಲ್ಲ.) ಹೊಲಿಗಿ ಅಂದ ಹುಡುಗನ್ನ ‘ತಪ್ಪು’ ಅಂತ ಬಾಯಿ ಮುಚ್ಚಸಬಾರದು. ಬರಿಯೂವಾಗ ಹೊಲಿಗೆ ಅಂತ ಬರಿ ಅನ್ರಿ, ಆದ್ರ ಪಾಠಾ ಅವನ ಬಾಯಿಂದನ ಸುರು ಮಾಡ್ರಿ.

ಉಪಸರ್ಗದ್ದು ಸಣ್ಣ ಮಾತು. ಕನ್ನಡದಾಗ ವಿಭಕ್ತಿ, ಕಾಲ ಎಲ್ಲಾ ಶಬ್ದದ ಹಿಂದ ಹತ್ತತಾವ. ಮುಂದ ಹತ್ತೂ ಉಪಸರ್ಗ ಹೊಸ ಶಬ್ದಾನ ಹುಟ್ಟಿಸ್ತದ. ಅದರಾಗ ಹೆಚ್ಚಿನವು ಹೊರಗಿಂದ ಬಂದವು: ಸಂಸ್ಕೃತದ ಅವಮಾನ, ಅನ್ಯಾಯ, ಪಾರ್ಸಿ ಕಡಿಂದ ಬಂದ ಗೈರುಹಾಜರು. ಉಪಸರ್ಗ ಹೌದೋ ಅಲ್ಲೋ ನೋಡಲಿಕ್ಕೆ ಅದನ್ನ ತಗದು ಉಳಿದದ್ದು ನೋಡ್ರಿ. ಅವಮಾನದಾಗ ಮಾನ ಉಳೀತದ, ಅರ್ಥಕ್ಕ ಸಂಬಂಧಾನೂ ಅದ. ಅವಲಕ್ಕಿಯೊಳಗ ‘ಅವ’ ತಗದ್ರ ಲಕ್ಕಿ ಉಳೀತದ, ಅದೊಂದು ಗಿಡ. ಒಗ್ಗರಣಿ ಹಾಕಿ ತಿನ್ನೂದಲ್ಲ. ಅದು ಅವಲ್ ಮತ್ತ ಅಕ್ಕಿ, ಎರಡು ಶಬ್ದ ಕೂಡಿದ ಸಮಾಸ.