ಬೋರ್ಡಿನ ಮೇಲೆ ಕನ್ನಡ, ಬಾಗಿಲ ಮೇಲೆ ಇಂಗ್ಲಿಷ್

ನಮ್ಮ ದೊಡ್ಡವ್ವ ಹುನಗುಂದ ತಾಲೂಕಿನ ಹಳ್ಳಿಯಿಂದ ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆಗೆಂದು ಬಾಗಲಕೋಟೆಗೆ ಹೋಗಿದ್ದಳು. ಮೊದಲ ಬಸ್ಸಿಗೇ ಹತ್ತಿದ್ದರಿಂದ ಲ್ಯಾಬ್ ತೆಗೆಯುವ ಮೊದಲೇ ಅಲ್ಲಿ ಮುಟ್ಟಿದಳು. ಯಾರನ್ನೂ ಕೇಳಬೇಕಾಗಲಿಲ್ಲ. ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಲ್ಯಾಬಿನ ಹೆಸರು ಇತ್ತು, ನಾಲ್ಕನೇ ಇಯತ್ತೆ ಕಲಿತ ದೊಡ್ಡವ್ವ ಓದಿಕೊಂಡಳು. ಬಾಗಿಲು ತೆಗೆಯುವತನಕ ಎದುರಿನ ಅಂಗಡಿಯಲ್ಲಿ ಕುಳಿತು ಚಹಾ ಕುಡಿದಳು.

ಒಳಗೆ ಹೋದಾಗ ಹುಡುಗ ಕೇಳಿದ: "ಏನರ ತಿಂದೀಯೇನಬೇ?" ಚಹಾ ಕುಡಿದೆ ಅಂದಳು. "ಬರೇ ಹೊಟ್ಟೀಲೆ ಬರಬೇಕು ಅಂತ ಬಾಗಲಕ್ಕ ಹಚ್ಚೇವಲ್ಲ, ಓದಿಲ್ಲೇನು?" ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದು ನಿಜ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು.

"ಮ್ಯಾಲಿಂದು ಓದಿದೆ ತಮ್ಮಾ. ಬಾಗಲದಾಗಿಂದು ನನಗಲ್ಲ ಅಂತ ತಿಳಕೊಂಡೆ" ಅಂದಳಂತೆ. ಬಸ್ಸಿಗೆ ರೊಕ್ಕ ಹೋಗಲಿಲ್ಲ, ಆದರೆ ಒಂದು ದಿನದ ಕೂಲಿ ಹೋಯಿತು. ಮರುವಾರ ಮತ್ತೊಂದು ದಿನದ್ದು.

ಊರಿನ ಬೋರ್ಡುಗಳನ್ನು ಓದಿ ಆ ಊರಿನಲ್ಲಿ ಯಾವ ಭಾಷೆಗೆ ಎಷ್ಟು ಬೆಲೆ ಇದೆ ಎಂದು ಅಳೆಯುವ ಒಂದು ಅಧ್ಯಯನ ಕ್ರಮ ಇದೆ. 1997ರಲ್ಲಿ ಕೆನಡಾದ ಲ್ಯಾಂಡ್ರಿ ಮತ್ತು ಬೂರಿ ಎಂಬ ಇಬ್ಬರು ವಿದ್ವಾಂಸರು ಬರೆದ ಲೇಖನದಿಂದ ಇದಕ್ಕೆ ದೊಡ್ಡ ಹೆಸರು ಬಂತು. ಬೋರ್ಡಿನ ಮೇಲಿನ ಭಾಷೆ ಎರಡು ಕೆಲಸ ಮಾಡುತ್ತದೆ ಎಂದು ಅವರು ಹೇಳಿದರು. ಒಂದು, ಮಾಹಿತಿ ಕೊಡುವುದು. ಇನ್ನೊಂದು, ಈ ಭಾಷೆಗೆ ಇಲ್ಲಿ ಸ್ಥಾನ ಇದೆ ಎಂದು ತೋರಿಸುವುದು. ದೊಡ್ಡವ್ವ ಅಂದದ್ದೂ ಇದನ್ನೇ. ಮೇಲಿನ ಬೋರ್ಡು ಕನ್ನಡಕ್ಕೆ ಮಾನ ಕೊಟ್ಟಿತ್ತು. ಕೆಲಸಕ್ಕೆ ಬೇಕಾದ ಮಾತು ಮಾತ್ರ ಇಂಗ್ಲಿಷಿನಲ್ಲಿತ್ತು.

ಬೋರ್ಡು ಓದುವಾಗ ಲಿಪಿ ಬೇರೆ, ಭಾಷೆ ಬೇರೆ ಎಂಬುದನ್ನು ಮೊದಲು ನೋಡಬೇಕು. ಹುನಗುಂದದಲ್ಲಿ ಗೊಬ್ಬರದ ಅಂಗಡಿ ಮೇಲೆ "ಆಗ್ರೋ ಸೆಂಟರ್" ಅಂತ ಇರುತ್ತದೆ. ಮಾತು ಇಂಗ್ಲಿಷಿನದು, ಅಕ್ಷರ ಕನ್ನಡದ್ದು. ಇದನ್ನು ನೋಡಿ ನಗುವವರಿದ್ದಾರೆ. ನಾನು ನಗುವುದಿಲ್ಲ, ಏಕೆಂದರೆ ರೈತ ಅದನ್ನು ಓದುತ್ತಾನೆ, ಅರ್ಥವೂ ಆಗುತ್ತದೆ. ಇದಕ್ಕೆ ತಿರುಗುಮುರುಗಾದ ಬೋರ್ಡೇ ತೊಂದರೆ ಕೊಡುವುದು. "ಅನ್ನಪೂರ್ಣ ಖಾನಾವಳಿ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮಾತು ನಮ್ಮದೇ, ಆದರೆ ಕನ್ನಡ ಮಾತ್ರ ಬಲ್ಲವರು ಬಾಗಿಲ ಮುಂದೆ ನಿಂತೂ ಓದಲಾರರು.

ಎರಡನೆಯದಾಗಿ, ಯಾವುದು ಮೇಲಿದೆ, ಯಾವುದು ದೊಡ್ಡದಿದೆ ಎಂದು ನೋಡಬೇಕು. ಬಾದಾಮಿ ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇವೆ. ಅದು ಸರ್ಕಾರದ ನಿಯಮ. ಅಂಗಡಿಯವರು ತಾವೇ ಹಾಕಿಸುವ ಬೋರ್ಡಿನಲ್ಲಿ ಗಿರಾಕಿ ಯಾರು ಎನ್ನುವುದೇ ನಿಯಮ. ಬಾದಾಮಿಯ ಲಾಡ್ಜಿನ ಕಣ್ಣು ಗುಹೆ ನೋಡಲು ಬರುವ ಪ್ರವಾಸಿಗರ ಮೇಲೆ, ಹಾಗಾಗಿ ಅಲ್ಲಿ ಇಂಗ್ಲಿಷ್ ಬೆಳೆಯುತ್ತದೆ. ಇಳಕಲ್‌ನಲ್ಲಿ ಗ್ರಾನೈಟ್ ಹೊರದೇಶಕ್ಕೆ ಹೋಗುತ್ತದೆ, ಅದರ ಬೋರ್ಡು ಹಳ್ಳಿಯವರನ್ನು ಕರೆಯುವುದಿಲ್ಲ. ಅದೇ ಊರಿನ ಸೀರೆ ಅಂಗಡಿಗೆ ಲಗ್ನದ ಜವಳಿಗೆ ಬರುವ ಅವ್ವಂದಿರು, ಅಕ್ಕಂದಿರು ಬೇಕು, ಅಲ್ಲಿ ಕನ್ನಡ ದೊಡ್ಡದಾಗುತ್ತದೆ. ಲ್ಯಾಬಿಗೂ ಹಳ್ಳಿಯವರೇ ಗಿರಾಕಿಗಳು. ಆದರೂ ಅದರ ಬಾಗಿಲು ಅವರ ಭಾಷೆ ಆಡುವುದಿಲ್ಲ.

ಇನ್ನು ಕಾನೂನಿಗೆ ಬರೋಣ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ಆಯಿತು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎನ್ನುತ್ತದೆ ಅದು. ಅಂಗಡಿ, ಹೋಟೆಲು, ಆಸ್ಪತ್ರೆ, ಲ್ಯಾಬ್ ಎಲ್ಲಕ್ಕೂ ಇದು ಅನ್ವಯ. ಒಳ್ಳೆಯ ಕಾನೂನು. ಆದರೆ ಟೇಪು ಹಿಡಿದು ಅಳೆದರೆ ಏನಾಗುತ್ತದೆ ನೋಡಿ.

10 ಅಡಿ ಅಗಲ, 4 ಅಡಿ ಎತ್ತರದ ಒಂದು ಫ್ಲೆಕ್ಸ್ ಬೋರ್ಡು ಅಂದುಕೊಳ್ಳಿ. ಒಟ್ಟು 40 ಚದರ ಅಡಿ. ಶೇ. 60 ಅಂದರೆ 24 ಚದರ ಅಡಿ. ಅಂದರೆ ಮೇಲಿನ 2.4 ಅಡಿ, ಸುಮಾರು 29 ಇಂಚು, ಕನ್ನಡಕ್ಕೆ. ಕೆಳಗಿನ 19 ಇಂಚು ಇಂಗ್ಲಿಷಿಗೆ. "ಶ್ರೀ ಬಸವೇಶ್ವರ ವಸ್ತ್ರಾಲಯ" ಎಂದು ಬರೆಯಬೇಕು. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. "ಸ್ತ್ರಾ" ಒಂದಕ್ಕೇ ಎರಡು ಒತ್ತು. ಒತ್ತುಗಳಿಗೆ, ಮೇಲಿನ ಗುಣಿತಕ್ಕೆ ಜಾಗ ಬಿಟ್ಟ ಮೇಲೆ ಅಕ್ಷರದ ಮೈಗೆ ಉಳಿಯುವುದು ಹೆಚ್ಚುಕಮ್ಮಿ ಅರ್ಧ, 14-15 ಇಂಚು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮೇಲೂ ಏನಿಲ್ಲ, ಕೆಳಗೂ ಏನಿಲ್ಲ. ಅದು ತನ್ನ 19 ಇಂಚನ್ನೂ ತುಂಬಿಕೊಂಡು ನಿಲ್ಲುತ್ತದೆ. ಲೆಕ್ಕದಲ್ಲಿ ಕನ್ನಡ 60, ರಸ್ತೆಯ ಆಚೆಯಿಂದ ಕಣ್ಣಿಗೆ ಮೊದಲು ಬೀಳುವುದು ಇಂಗ್ಲಿಷ್. ಇಂಗ್ಲಿಷಿಗೆ ಕೆಂಪು, ಕನ್ನಡಕ್ಕೆ ತಿಳಿ ಹಳದಿ ಬಣ್ಣ ಕೊಟ್ಟರಂತೂ ಮುಗಿಯಿತು. ಹಾಗಾಗಿ ಜಾಗ ಅಳೆದರೆ ಸಾಲದು, ಅಕ್ಷರದ ಮೈಯನ್ನೂ ಅಳೆಯಬೇಕು.

ಇಷ್ಟಕ್ಕೂ ಇದೆಲ್ಲ ಹೆಸರಿನ ಬೋರ್ಡಿನ ಮಾತು. ಬರೇ ಹೊಟ್ಟೆಯಲ್ಲಿ ಬರಬೇಕು, ಡಾಕ್ಟರು ಇಷ್ಟು ಗಂಟೆಗೆ ಸಿಗುತ್ತಾರೆ, ಪರೀಕ್ಷೆಗೆ ಇಷ್ಟು ದರ, ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ: ಇಂಥ ಹಾಳೆಗಳನ್ನು ಯಾರೂ ಟೇಪು ಹಿಡಿದು ಅಳೆಯುವುದಿಲ್ಲ. ಬೋರ್ಡಿಗೆ ದಂಡ ಬೀಳಬಹುದು ಎಂಬ ಹೆದರಿಕೆ ಇದೆ. ಬಾಗಿಲಿಗೆ ಅಂಟಿಸಿದ ಹಾಳೆಗೆ ಯಾವ ಹೆದರಿಕೆಯೂ ಇಲ್ಲ. ಹಳ್ಳಿಯವರು ರೊಕ್ಕ ಕಳೆದುಕೊಳ್ಳುವುದು ಆ ಹಾಳೆಯಲ್ಲೇ.

ಎರಡು ಲಿಪಿ ಒಟ್ಟಿಗೆ ಬರೆಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬಾದಾಮಿ ತಾಲೂಕಿನ ಪಟ್ಟದಕಲ್ಲಿನಲ್ಲಿ ಚಾಲುಕ್ಯ ದೊರೆ ಎರಡನೇ ಕೀರ್ತಿವರ್ಮನ ಕಾಲದ, 754ರ ಒಂದು ಶಾಸನ ಕಂಬ ಇದೆ. ಅದನ್ನು ನಿಲ್ಲಿಸಿದ ಜ್ಞಾನಶಿವಾಚಾರ್ಯ ಗಂಗಾ ನದಿಯ ಉತ್ತರದ ಕಡೆಯಿಂದ ಬಂದವನು. ಕಂಬದ ಮೇಲೆ ಒಂದೇ ಪಾಠವನ್ನು ಎರಡು ಸಲ ಕೊರೆಸಲಾಗಿದೆ, ಒಮ್ಮೆ ಉತ್ತರದ ಲಿಪಿಯಲ್ಲಿ, ಒಮ್ಮೆ ಈ ನೆಲದ ಲಿಪಿಯಲ್ಲಿ. ಭಾಷೆ ಮಾತ್ರ ಎರಡರಲ್ಲೂ ಸಂಸ್ಕೃತ. ಆಗಿನ ಒಕ್ಕಲಿಗನಿಗೆ ಅದು ತಿಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಲಿಪಿಗೆ ಹೆಸರು, ಇನ್ನೊಂದಕ್ಕೆ ವಿಷಯ ಎಂದು ಅವರು ಹಂಚಲಿಲ್ಲ. ಎರಡೂ ಕಡೆ ಇಡೀ ಮಾತು ಇದೆ.

ನಾನು ಕೇಳುವುದೂ ಅಷ್ಟೇ. ಇಂಗ್ಲಿಷ್ ಅಳಿಸಬೇಕಾಗಿಲ್ಲ. ಇಳಕಲ್‌ನ ದರ್ಗಾಕ್ಕೆ ಬರುವವರಿಗೆ ಉರ್ದು ಬೇಕು, ಸೀರೆಗೆ ಬರುವ ಸೊಲ್ಲಾಪುರದವರಿಗೆ ಮರಾಠಿ ಇದ್ದರೆ ಅನುಕೂಲ. ಆದರೆ ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ಕನ್ನಡದಲ್ಲೂ ಇರಲಿ. ಪುರಸಭೆ, ನಗರಸಭೆಯವರು ಲೈಸೆನ್ಸ್ ನವೀಕರಣಕ್ಕೆ ಬೋರ್ಡಿನ ಫೋಟೋ ಕೇಳುವುದಾದರೆ ಬಾಗಿಲಿನ ಫೋಟೋವನ್ನೂ ಕೇಳಲಿ. ಅಲ್ಲಿಯತನಕ ನೀವು ಒಂದು ಕೆಲಸ ಮಾಡಬಹುದು. ಮುಂದಿನ ಸಲ ಪ್ಯಾಟಿಗೆ ಹೋದಾಗ ತಿಳಿಯದ ಹಾಳೆ ಕಂಡರೆ, ಅದರಾಗ ಏನೈತಿ ಅಂತ ಅಂಗಡಿಯವರನ್ನು ಕೇಳಿ. ದಿನಕ್ಕೆ ಹತ್ತು ಜನ ಕೇಳಿದರೆ ಅವರೇ ಕನ್ನಡದಲ್ಲಿ ಬರೆದು ಹಚ್ಚುತ್ತಾರೆ.

ದೊಡ್ಡವ್ವ ಮರುವಾರ ಹೋದಾಗ ಅದನ್ನೇ ಮಾಡಿದಳು. "ಕನ್ನಡದಾಗ ಬರದ ಹಚ್ಚೋ ತಮ್ಮಾ, ನನ್ನಂಥಾಕಿ ಮತ್ತೊಬ್ಬಾಕಿ ಬರ್ತಾಳ" ಅಂದಳಂತೆ. ಹುಡುಗ ಬಾಲ್‌ಪೆನ್ನಿನಲ್ಲಿ ಅದೇ ಹಾಳೆಯ ಕೆಳಗೆ ಒಂದು ಸಾಲು ಬರೆದ. ಅಕ್ಷರ ಸಣ್ಣವೇ, ಆದರೆ ಆ ಸಾಲನ್ನು ಆಕೆ ಓದಿದಳು.